‘ನಿಷ್ಪಕ್ಷಪಾತ’ ಎಂಬ ಪದವನ್ನು ಹೊಡೆದುಹಾಕಿದೆ

ಅಂತರಶಾಲಾ ರಸಪ್ರಶ್ನೆ ಸ್ಪರ್ಧೆ ಮುಗಿದ ಮರುದಿನ ಶಾಲಾ ವಾರ್ತಾಪತ್ರಕ್ಕೆ ಕೃತಜ್ಞತೆಯ ನಾಲ್ಕು ಸಾಲು ಬರೆಯುವ ಕೆಲಸ, ಎಂದಿನಂತೆ, ಕನ್ನಡ ಶಿಕ್ಷಕಿಯಾದ ನನ್ನ ಪಾಲಿಗೇ ಬಂತು. ಹತ್ತು ನಿಮಿಷದಲ್ಲಿ ಮುಗಿಸಿದೆ: ‘ತೀರ್ಪುಗಾರರು ನಿಷ್ಪಕ್ಷಪಾತ ತೀರ್ಪು ನೀಡಿದರು. ಕ್ವಿಜ್ ಮಾಸ್ಟರ್ ಅಚ್ಚುಕಟ್ಟಾಗಿ ನಡೆಸಿಕೊಟ್ಟರು.’

ಮುಖ್ಯೋಪಾಧ್ಯಾಯರು ಓದಿ, “ಮೇಡಂ, ಗೆದ್ದದ್ದು ನಮ್ಮ ಶಾಲೆಯೇ ಅಲ್ಲವೇ? ನಾವೇ ಹೀಗೆ ಬರೆದುಕೊಂಡರೆ ಸೋತವರು ಏನೆಂದುಕೊಂಡಾರು?” ಎಂದರು. ಹೌದಲ್ಲ! ಯಾರೂ ಅನುಮಾನಪಡದ ಕಡೆ ನಾನೇ ಅನುಮಾನ ಬಿತ್ತಿದ್ದೆ.

ಆ ಪದವನ್ನು ಹೊಡೆದುಹಾಕಿ, ಅಂಕ ಬರೆದಿದ್ದ ಹಾಳೆ ತೆಗೆದು ನೋಡಿದೆ. ಮೂರನೆಯ ಸುತ್ತಿನಲ್ಲಿ ಒಂದು ಕಡೆ ಅಂಕ ಕಾಟು ಹಾಕಿ ತಿದ್ದಿತ್ತು. ಆಗ ಎಲ್ಲವೂ ನೆನಪಾಯಿತು. ‘ಕೆಳದಿ ಅರಸರ ರಾಜಧಾನಿ ಯಾವುದು?’ ಎಂಬ ಪ್ರಶ್ನೆಗೆ ಅತಿಥಿ ತಂಡದ ಹುಡುಗಿ ‘ಇಕ್ಕೇರಿ’ ಎಂದಿದ್ದಳು. ಚೀಟಿಯಲ್ಲಿದ್ದ ಉತ್ತರ ಕೆಳದಿ. ಸೊನ್ನೆ ಬಿದ್ದಾಗಿತ್ತು. ಆಗ ತೀರ್ಪುಗಾರರಲ್ಲಿ ಒಬ್ಬರು, ನಿವೃತ್ತ ಇತಿಹಾಸ ಶಿಕ್ಷಕರು, ಕೈ ಎತ್ತಿದರು. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ ಹೋಯಿತು. ಯಾವ ಕಾಲದ್ದು ಎಂದು ಕೇಳದಿದ್ದರೆ ಮೂರೂ ಸರಿ ಎಂದರು. ಕ್ವಿಜ್ ಮಾಸ್ಟರ್ ಒಂದು ಕ್ಷಣವೂ ತಡಮಾಡದೆ, “ಪ್ರಶ್ನೆ ಬರೆದವನು ನಾನು, ತಪ್ಪು ನನ್ನದು” ಎಂದು ಮೈಕಿನಲ್ಲೇ ಹೇಳಿ ಹತ್ತು ಅಂಕ ಕೊಡಿಸಿದರು. ನಮ್ಮ ಮುನ್ನಡೆ ಐದಕ್ಕೆ ಇಳಿಯಿತು. ನಮ್ಮ ಮಕ್ಕಳ ಮುಖವೂ ಇಳಿಯಿತು.

ಧನ್ಯವಾದ ಹೇಳಬೇಕಾದದ್ದು ಇದಕ್ಕೆ. ಆದರೆ ಕರೆದ ಅತಿಥಿಯ ತಪ್ಪನ್ನು ಅಚ್ಚಿಗೆ ಹಾಕುವುದು ಹೇಗೆ? ಕ್ವಿಜ್ ಮಾಸ್ಟರಿಗೆ ಫೋನ್ ಮಾಡಿ ಕರಡನ್ನು ಓದಿ ಹೇಳಿದೆ. ಅವರು ನಕ್ಕು, “ಹಾಕಿ, ನನ್ನ ವಿದ್ಯಾರ್ಥಿಗಳೂ ಓದಲಿ” ಎಂದರು. ಇತಿಹಾಸದ ಮೇಷ್ಟ್ರಿಗೂ ಫೋನ್ ಮಾಡಿದೆ. ಅವರು ಮಾತ್ರ ‘ತಪ್ಪು ಹಿಡಿದರು’ ಎಂಬುದನ್ನು ತೆಗೆಸಿದರು. ಅದೇ ಕರೆಯಲ್ಲಿ ಅವರ ಇನಿಷಿಯಲ್ ತಪ್ಪಾಗಿದ್ದದ್ದೂ ಸಿಕ್ಕಿತು. ಆಮಂತ್ರಣ ಪತ್ರಿಕೆಯಲ್ಲೇ ತಪ್ಪಿತ್ತು, ಪಾಪ, ಅವರು ಅಲ್ಲಿಯವರೆಗೆ ಹೇಳಿರಲಿಲ್ಲ.

ಶಾಮಿಯಾನ, ಧ್ವನಿವರ್ಧಕ, ಊಟ ಬಡಿಸಿದವರ ಪಟ್ಟಿಯನ್ನು ವಂದನಾರ್ಪಣೆಯಲ್ಲೇ ಹೇಳಿಯಾಗಿತ್ತು, ಇಲ್ಲಿ ಬಿಟ್ಟೆ. ಕೊನೆಗೆ ಅಚ್ಚಾದದ್ದು ಇಷ್ಟು:

‘ಕೆಳದಿಯ ಪ್ರಶ್ನೆಗೆ ಮೂರು ಉತ್ತರಗಳಿವೆ ಎಂದು ತಿಳಿಸಿ ಅತಿಥಿ ತಂಡಕ್ಕೆ ಸಲ್ಲಬೇಕಾದ ಅಂಕ ಸಲ್ಲಿಸಿದ ತೀರ್ಪುಗಾರರಿಗೆ, ಅದನ್ನು ಸಭೆಯೆದುರೇ ಒಪ್ಪಿಕೊಂಡ ಕ್ವಿಜ್ ಮಾಸ್ಟರಿಗೆ, ಮಳೆ ತಗಡಿನ ಮೇಲೆ ಸುರಿದು ಮೈಕೂ ಕೇಳದಾದಾಗ ಕೊನೆಯ ಸುತ್ತಿನ ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು ತೋರಿಸಿದ್ದಕ್ಕೂ, ನಮ್ಮ ವಂದನೆಗಳು.’

ಇಬ್ಬರಿಗೂ ಎರಡೆರಡು ಪ್ರತಿ ಕಳುಹಿಸಿದೆವು. ಇನ್ನೊಂದನ್ನು ‘ಇಕ್ಕೇರಿ’ ಎಂದ ಆ ಹುಡುಗಿಯ ಶಾಲೆಗೆ.