ಹನ್ನೆರಡು ವರ್ಷ ಮುಗಿಯಿತು, ನಲವತ್ತು ಶೇಕಡಾ ಮರಳಿ ಬಂತು: ಕಾಸರಗೋಡಿನಲ್ಲಿ ನನ್ನ ಕಮ್ಯುಟೇಶನ್ ಲೆಕ್ಕ

2013ರಲ್ಲಿ ನಾನು ಕೇರಳ ಸರ್ಕಾರದ ಸೇವೆಯಿಂದ 56ಕ್ಕೆ ನಿವೃತ್ತನಾದಾಗ ಪಿಂಚಣಿಯ ಶೇಕಡಾ 40ನ್ನು, ಅಂದರೆ ನಿಯಮ ಬಿಡುವಷ್ಟನ್ನೂ ಕಮ್ಯೂಟ್ ಮಾಡಿದೆ; ತಿಂಗಳ ಪಿಂಚಣಿಯ ಆ ಭಾಗವನ್ನು ಕೆಲವು ವರ್ಷ ಬಿಟ್ಟುಕೊಟ್ಟು ಬದಲಿಗೆ ಇಡಿಗಂಟು ಪಡೆದೆ. ಕಚೇರಿಯಲ್ಲಿ ಯಾರಿಗೂ ಅದು ಹಿಡಿಸಲಿಲ್ಲ. ಮಂಗಳೂರಿನಲ್ಲಿ ರೈಲ್ವೆಯಲ್ಲಿದ್ದ ಭಾವನಂತೂ ಮನೆಗೇ ಬಂದು, "ಕೈಗೆ ಸಿಗುವುದು ಸ್ವಲ್ಪ, ಕಟ್ಟುವುದು ಅದರ ಎರಡರಷ್ಟು" ಎಂದು ಕಾಗದದಲ್ಲಿ ಬರೆದು ತೋರಿಸಿದರು. ಕಳೆದ ವರ್ಷ ನನ್ನ ಕಡಿತ ನಿಂತಿತು. ಈಗ ಲೆಕ್ಕ ಒಪ್ಪಿಸಬಹುದು.

ನನ್ನ ಅಂಕಿಗಳು ನೆನಪಿನಿಂದ ಹೇಳುವವು, ಹತ್ತಿಪ್ಪತ್ತು ರೂಪಾಯಿ ಆಚೀಚೆ ಇರಬಹುದು. ಕೊನೆಯ ಹತ್ತು ತಿಂಗಳಲ್ಲಿ ನಾಲ್ಕು ತಿಂಗಳು ಮೂಲವೇತನ 23,640, ಇನ್‌ಕ್ರಿಮೆಂಟ್ ಬಂದ ಮೇಲಿನ ಆರು ತಿಂಗಳು 24,240. ಸರಾಸರಿ 24,000. ಸೇವೆ 30 ವರ್ಷ ದಾಟಿತ್ತು, ಹಾಗಾಗಿ ಅರ್ಧ, 12,000 ರೂಪಾಯಿ ಪಿಂಚಣಿ. ಅದರ ಶೇಕಡಾ 40 ಎಂದರೆ 4,800. ಮುಂದಿನ ಹುಟ್ಟುಹಬ್ಬಕ್ಕೆ 57 ತುಂಬುವವರಿಗೆ ಕೇರಳದ ಕಮ್ಯುಟೇಶನ್ ಕೋಷ್ಟಕದಲ್ಲಿ ಗುಣಕ 11.10 ಎಂದಿದೆ. 4,800ನ್ನು 12ರಿಂದ, ಮತ್ತೆ 11.10ರಿಂದ ಗುಣಿಸಿದರೆ 6,39,360. ಇದು ಇಡಿಗಂಟು, ತೆರಿಗೆಯೂ ಇಲ್ಲ. ತಿಂಗಳಿಗೆ 7,200 ರೂಪಾಯಿ ಮತ್ತು ಪೂರ್ತಿ 12,000ದ ಮೇಲಿನ ತುಟ್ಟಿಭತ್ಯೆ ಉಳಿಯಿತು. ತುಟ್ಟಿಭತ್ಯೆ ಕಡಿತದ ನಂತರದ ಮೊತ್ತದ ಮೇಲೆ ಬರುತ್ತದೆ ಎಂದು ಹೆದರಿ ಹಿಂದೆ ಸರಿದವರನ್ನು ನಾನು ಬಲ್ಲೆ.

ಕೇರಳದಲ್ಲಿ ಕಡಿತ 12 ವರ್ಷ. 4,800ರಂತೆ 144 ತಿಂಗಳಿಗೆ 6,91,200. ಪಡೆದದ್ದಕ್ಕಿಂತ ನಾನು ಹೆಚ್ಚು ಕೊಟ್ಟದ್ದು 51,840 ರೂಪಾಯಿ. ವರ್ಷದ ಬಡ್ಡಿಗೆ ಇಳಿಸಿದರೆ ಶೇಕಡಾ ಒಂದೂಕಾಲರ ಆಸುಪಾಸು. ಈ ದರದ ಸಾಲವನ್ನು ಯಾವ ಸಹಕಾರಿ ಸಂಘವೂ ನನಗೆ ಕೊಟ್ಟಿರಲಿಲ್ಲ.

ಭಾವ ಬರೆದು ತೋರಿಸಿದ್ದೂ ಸುಳ್ಳಲ್ಲ, ಅದು ಕೇಂದ್ರದ ಲೆಕ್ಕ. ಅಲ್ಲಿ 60ಕ್ಕೆ ನಿವೃತ್ತರಾದವರಿಗೆ ಗುಣಕ 8.194, ಕಡಿತ 15 ವರ್ಷ. ಒಂದು ರೂಪಾಯಿ ಬಿಟ್ಟುಕೊಟ್ಟರೆ 98 ರೂಪಾಯಿ ಸಿಗುತ್ತದೆ, 180 ರೂಪಾಯಿ ಹೋಗುತ್ತದೆ. ಬಡ್ಡಿ ಶೇಕಡಾ ಒಂಬತ್ತರ ಹತ್ತಿರ ಬೀಳುತ್ತದೆ. ನಮಗೆ ಅದೇ ಒಂದು ರೂಪಾಯಿಗೆ 133 ಸಿಗುತ್ತದೆ, 144 ಹೋಗುತ್ತದೆ. ಗಡಿಯಲ್ಲಿರುವ ನಾವು ಮಂಗಳೂರಿನ ನೆಂಟರ ಮಾತು ಕೇಳಿ ನಿರ್ಧರಿಸುವುದೇ ಇಲ್ಲಿನ ದೊಡ್ಡ ನಷ್ಟ.

ಬಂದ ಹಣದಲ್ಲಿ ಮೊದಲು ಮನೆಸಾಲದ ನಾಲ್ಕು ಲಕ್ಷ ತೀರಿಸಿದೆ. ಅದಕ್ಕೆ ತಿಂಗಳಿಗೆ ಆರು ಸಾವಿರ ಕಂತು ಕಟ್ಟುತ್ತಿದ್ದೆ. ಆರು ಸಾವಿರ ಉಳಿಯಿತು, 4,800 ಕಡಿತವಾಯಿತು. ಮೊದಲ ತಿಂಗಳಿನಿಂದಲೇ ಕೈಗೆ ಹೆಚ್ಚು ಬಂತು. ಮಿಕ್ಕದ್ದನ್ನು ಖಜಾನೆಯ ನಿಶ್ಚಿತ ಠೇವಣಿಯಲ್ಲಿಟ್ಟೆ. ಅದರಿಂದ ಒಂದಿಷ್ಟು ತೆಗೆದು ಅಡಿಕೆ ತೋಟಕ್ಕೆ ಹನಿ ನೀರಾವರಿ ಹಾಕಿಸಿ ನೋಡಿದೆ. ಮೂರನೆಯ ಬೇಸಿಗೆಗೆ ಕೊಳವೆಗಳು ಕಟ್ಟಿಕೊಂಡವು. ಆ ಹಣ ಠೇವಣಿಯಲ್ಲೇ ಚೆನ್ನಾಗಿತ್ತು.

ಇನ್ನೊಂದು ಲಾಭವನ್ನು ಮೊದಲೇ ಊಹಿಸಿದ್ದೆ. ಮುಂದೆ 2014ರ ಮತ್ತು 2019ರ ಪರಿಷ್ಕರಣೆಗಳಲ್ಲಿ ಪಿಂಚಣಿ ಏರಿತು, ಕಡಿತ ಮಾತ್ರ 4,800ರಲ್ಲೇ ನಿಂತಿತ್ತು. ನನ್ನ ಜತೆ ಕಮ್ಯೂಟ್ ಮಾಡಿದ ಸಹೋದ್ಯೋಗಿಯೊಬ್ಬರು ನಾಲ್ಕನೆಯ ವರ್ಷ ತೀರಿಕೊಂಡರು. ಅವರ ಪತ್ನಿಯ ಕುಟುಂಬ ಪಿಂಚಣಿಯಿಂದ ಒಂದು ಪೈಸೆಯೂ ಮುರಿಯಲಿಲ್ಲ, ಬಾಕಿಯನ್ನು ಯಾರೂ ಕೇಳಲಿಲ್ಲ.

ಕಷ್ಟವಾದದ್ದು ಸರ್ವಿಸ್ ಬುಕ್ಕಿನಲ್ಲಿ. ಬದಿಯಡ್ಕದ ಕಡೆಯ ಸ್ನೇಹಿತರೊಬ್ಬರು ವೈದ್ಯಕೀಯ ಪ್ರಮಾಣಪತ್ರವಿಲ್ಲದೆ ಮೂರು ವರ್ಷ ವೇತನರಹಿತ ರಜೆ ಹಾಕಿದ್ದರು. ಅದು ಸೇವೆಗೆ ಸೇರದೆ 30ರ ಬದಲು 27 ಉಳಿಯಿತು. ನನ್ನಷ್ಟೇ ಸರಾಸರಿಗೆ ಅವರ ಪಿಂಚಣಿ 10,800 ಆಯಿತು, ಇಡಿಗಂಟೂ ಸುಮಾರು 64 ಸಾವಿರ ಇಳಿಯಿತು. ಸರಾಸರಿಯ ಹತ್ತು ತಿಂಗಳೊಳಗೆ ಇನ್‌ಕ್ರಿಮೆಂಟ್ ಎಲ್ಲಿ ಬೀಳುತ್ತದೆ ಎಂಬುದರಲ್ಲೂ ಒಂದು ಉಪಾಯವಿದೆ. ಅದನ್ನು ಸರ್ವಿಸ್ ಬುಕ್ ಎದುರಿಗಿದ್ದರೆ ಮಾತ್ರ ಹೇಳುತ್ತೇನೆ, ಎಲ್ಲರಿಗೂ ಅದು ಹೊಂದುವುದಿಲ್ಲ.

ಕೊನೆಯಲ್ಲೂ ಒಂದು ತಕರಾರಾಯಿತು. 12 ವರ್ಷ ಮುಗಿದ ಮೇಲೂ ಕಡಿತ ನಡೆದೇ ಇತ್ತು. ಕಡಿತ ಆರಂಭವಾದ ತಿಂಗಳ ಪಾಸ್‌ಬುಕ್ ಪುಟದ ನಕಲು ಲಗತ್ತಿಸಿ ಅರ್ಜಿ ಕೊಟ್ಟ ಮೇಲೆ 4,800 ಮರಳಿತು, ಹೆಚ್ಚಾಗಿ ಹಿಡಿದದ್ದೂ ಬಂತು. ಆ ಪುಟವನ್ನು ಪಿಂಚಣಿ ಆದೇಶದ ಜತೆಗೇ ಇಟ್ಟುಕೊಳ್ಳಿ.

2013ರ ಏಪ್ರಿಲ್ 1ರಂದು ಅಥವಾ ಅದರ ನಂತರ ಸೇರಿ ಹೊಸ ಪಿಂಚಣಿ ಯೋಜನೆಗೆ ಒಳಪಟ್ಟವರಿಗೆ ಈ ಲೆಕ್ಕವಿಲ್ಲ. ಸಾಲವಿಲ್ಲದೆ, ಹಣ ಕಂಡರೆ ಕೈಚಾಚುವ ಮಕ್ಕಳಿರುವವರಿಗೂ ನಾನು ಒತ್ತಾಯಿಸುವುದಿಲ್ಲ. ಉಳಿದವರು ನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿ. ಆಮೇಲಾದರೆ ವೈದ್ಯಕೀಯ ತಪಾಸಣೆ ಬೇಕು, ಗುಣಕವೂ 10.78ಕ್ಕೆ ಇಳಿದಿರುತ್ತದೆ.