ಪೆಟ್ಟಿ ಕ್ಯಾಶ್ ಪೆಟ್ಟಿಗೆಯ ಲೆಕ್ಕ ನಾನು ಕೂರಿಸಿದ ಬಗೆ

ನಮ್ಮದು ಚಿಕ್ಕ ಆಫೀಸು. ಚಿಲ್ಲರೆ ಖರ್ಚಿಗೆ ಇಡುವ ನಗದಿನ, ಅಂದರೆ ಪೆಟ್ಟಿ ಕ್ಯಾಶ್‌ನ ಜವಾಬ್ದಾರಿ ನನಗೆ ಬಂದಾಗ, ಬೇಕೆಂದಾಗೆಲ್ಲ ಬ್ಯಾಂಕಿನಿಂದ ಒಂದಿಷ್ಟು ದುಡ್ಡು ತಂದು ಪೆಟ್ಟಿಗೆಗೆ ಹಾಕುವ ರೂಢಿ ಇತ್ತು. ಹೀಗಿದ್ದರೆ ಪೆಟ್ಟಿಗೆಯಲ್ಲಿ ಎಷ್ಟಿರಬೇಕು ಅಂತ ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಒಂದು ಮೊತ್ತ ಗೊತ್ತು ಮಾಡಿ, ಖರ್ಚಾದಷ್ಟನ್ನೇ ಮತ್ತೆ ತುಂಬಿಸುವ ಇಂಪ್ರೆಸ್ಟ್ ಪದ್ಧತಿ ತಂದೆ. ಸುಮಾರು ಎರಡು ವಾರದ ಚಿಲ್ಲರೆ ಖರ್ಚು ನೋಡಿ, 10,000 ಅಂತ ಮೊತ್ತ ಗೊತ್ತು ಮಾಡಿದೆವು. ಯಾವ ಹೊತ್ತಿನಲ್ಲಿ ತೆರೆದರೂ ನಗದು, ವೋಚರ್, ಮುಂಗಡ ಚೀಟಿ ಮೂರೂ ಸೇರಿ 10,000 ಆಗಲೇಬೇಕು.

ಒಂದು ಸಲದ ಎಣಿಕೆ ಹೀಗಿತ್ತು. ನಗದು 3,150. ವೋಚರ್‌ಗಳು 6,310. ಸಾಮಾನು ತರಲು ಹೋದವರ ಮುಂಗಡ ಚೀಟಿ 500. ಕೂಡಿದರೆ 9,960, ಅಂದರೆ 40 ಕಡಿಮೆ. ಇಂಥ ಹೊತ್ತಲ್ಲಿ ಸುಮ್ನೆ ಜೇಬಿನಿಂದ 40 ಹಾಕಿಬಿಡೋಣ ಅನ್ನಿಸುತ್ತದೆ. ಹಾಕಬಾರದು. ‘ನಗದು ಕೊರತೆ’ ಅಂತ ಬೇರೆ ಶೀರ್ಷಿಕೆಯಡಿ ಬರೆದು, ಮ್ಯಾನೇಜರ್ ಸಹಿ ಹಾಕಿಸಿದೆ. ಅಪರೂಪಕ್ಕೆ ಬರುವ ಸಣ್ಣ ಕೊರತೆ ಚಿಲ್ಲರೆ ಕೊಡುವಾಗಿನ ಎಡವಟ್ಟು. ಮತ್ತೆ ಮತ್ತೆ ಬಂದರೆ ಬೇರೇನೋ ಇದೆ. ಜೇಬಿನಿಂದ ತುಂಬಿಸಿದರೆ ಈ ವ್ಯತ್ಯಾಸವೇ ಕಾಣಲ್ಲ.

ಆವತ್ತು ಬ್ಯಾಂಕಿನಿಂದ ತೆಗೆದದ್ದು 6,350. ವೋಚರ್ ಮೊತ್ತ, ಜೊತೆಗೆ ಕೊರತೆ. ಮುಂಗಡದ 500 ಇದರಲ್ಲಿ ಸೇರಲ್ಲ, ಅದು ಇನ್ನೂ ಖರ್ಚಾಗಿಲ್ಲ ಅಲ್ವಾ? ಲೆಡ್ಜರಿನಲ್ಲಿ ಈ 6,350 ಅಂಚೆ, ಸ್ಟೇಷನರಿ, ಓಡಾಟ, ಕೊರತೆ ಅಂತ ಆಯಾ ಖಾತೆಗೆ ಹೋಗುತ್ತದೆ. ಪೆಟ್ಟಿ ಕ್ಯಾಶ್ ಖಾತೆಯ ಬಾಕಿ 10,000 ಇದ್ದಲ್ಲೇ ಇರುತ್ತದೆ. ಲೆಕ್ಕದ ವರ್ಷದ ಕೊನೆಯ ದಿನ ಪೆಟ್ಟಿಗೆ ತುಂಬಿಸಲೇಬೇಕು. ಇಲ್ಲದಿದ್ದರೆ ಒಳಗಿರುವ ವೋಚರ್‌ಗಳ ಖರ್ಚು ಮುಂದಿನ ವರ್ಷಕ್ಕೆ ಜಾರುತ್ತದೆ.

ವೋಚರ್‌ಗೆ ಮೊದಲೇ ಅಚ್ಚಾದ ಕ್ರಮಸಂಖ್ಯೆಯ ಪುಸ್ತಕ ತಂದೆವು. ಕೆಟ್ಟುಹೋದ ಹಾಳೆಗೂ ‘ರದ್ದು’ ಅಂತ ಬರೆದು ಪುಸ್ತಕದಲ್ಲೇ ಇಡುತ್ತೇವೆ. ಒಂದು ಸಂಖ್ಯೆ ಇಲ್ಲದಿದ್ದರೂ ಆಡಿಟರ್ ಕೇಳುತ್ತಾರೆ. ದುಡ್ಡು ಕೊಟ್ಟ ಕೂಡಲೇ ಬಿಲ್ಲಿನ ಮೇಲೆ ‘ಪಾವತಿಸಿದೆ’ ಮುದ್ರೆ ಬೀಳಬೇಕು. ಅದೇ ಬಿಲ್ಲು ಇನ್ನೊಮ್ಮೆ ಬರದಂತೆ ತಡೆಯುವುದು ಈ ಮುದ್ರೆಯೇ. ಥರ್ಮಲ್ ಕಾಗದದ ಬಿಲ್ಲು ಕೆಲವು ತಿಂಗಳಲ್ಲೇ ಅಳಿಸಿಹೋಗುವುದರಿಂದ ಅದರ ಜೆರಾಕ್ಸ್ ಲಗತ್ತಿಸುತ್ತೇವೆ.

ನಗದು ಇಟ್ಟುಕೊಂಡವರು ಖರ್ಚಿಗೆ ಮಂಜೂರಾತಿ ಕೊಡುವಂತಿಲ್ಲ. ತಿಂಗಳಿಗೊಮ್ಮೆ ಹೇಳದೆ ಕೇಳದೆ ಮೂರನೆಯವರು ಬಂದು, ನಗದು ಇಟ್ಟುಕೊಂಡವರ ಎದುರಿಗೇ ಎಣಿಸಿ, ಇಬ್ಬರೂ ಸಹಿ ಹಾಕುತ್ತಾರೆ. ಜನ ಕಮ್ಮಿ ಇರುವ ಕಡೆ ಈ ಎಣಿಕೆಯನ್ನು ಮಾಲೀಕರೇ ಮಾಡಬೇಕಾಗುತ್ತದೆ.

ಒಂದು ಖರ್ಚು 500 ದಾಟಿದರೆ ಪೆಟ್ಟಿಗೆಯಿಂದ ಕೊಡಲ್ಲ. ಸಿಬ್ಬಂದಿ ಬಿಲ್ಲು, ಕಾರಣ, ಮಂಜೂರಾತಿ ಸಹಿ ಇರುವ ಕ್ಲೇಮ್ ಕೊಟ್ಟರೆ ದುಡ್ಡು ಅವರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಮಿತಿ ಹಾಕಿದ ಮೇಲೆ ಒಂದೇ ದಿನ, ಒಂದೇ ಅಂಗಡಿಯ 480, 470ರ ಬಿಲ್ಲುಗಳು ಬರತೊಡಗಿದವು. ಅಂಥವನ್ನು ಈಗ ಒಂದೇ ಖರ್ಚೆಂದು ಹಿಡಿದು ಕ್ಲೇಮ್‌ಗೆ ಕಳಿಸುತ್ತೇವೆ.