ಒಡೆದ ಮೇಯೊನೀಸ್‌ಗೆ ಒಂದು ಚಮಚ ನೀರು

ರಾಯಚೂರಿನ ಬೇಸಿಗೆಯಲ್ಲಿ ಮನೆಯಲ್ಲೇ ಮೇಯೊನೀಸ್ ಮಾಡುತ್ತೇನೆ ಅಂದರೆ ಜನ ಮೊದಲು ಕೇಳೋದು, "ಒಡೆಯೋದಿಲ್ವಾ?" ಅಂತ. ಒಡೆಯುತ್ತದೆ. ಆದರೆ ಹಾಲು ಒಡೆದ ಹಾಗಲ್ಲ. ಒಡೆದ ಹಾಲು ಮತ್ತೆ ಹಾಲಾಗುವುದಿಲ್ಲ. ಒಡೆದ ಮೇಯೊನೀಸ್‌ನಲ್ಲಿ ಹಾಕಿದ್ದೆಲ್ಲ ಹಾಗೇ ಇರುತ್ತದೆ, ಏನೂ ಕೆಟ್ಟಿರುವುದಿಲ್ಲ. ಎಣ್ಣೆ ಮತ್ತು ನೀರು ಜಾಗ ಬದಲಿಸಿರುತ್ತವೆ, ಅಷ್ಟೇ.

ನಾನು ಹಾಕುವ ಅಳತೆ ಇದು. ಒಂದು ತತ್ತಿಯ ಹಳದಿ, ಎರಡು ಟೀ ಚಮಚ ಲಿಂಬೆರಸ, ಒಂದು ಟೀ ಚಮಚ ನೀರು, ಕಾಲು ಚಮಚ ಉಪ್ಪು, 150 ಮಿ.ಲೀ. ರಿಫೈನ್ಡ್ ಸನ್‌ಫ್ಲವರ್ ಎಣ್ಣೆ. ಇದರಲ್ಲಿ ನೀರು ಎಷ್ಟಿದೆ ನೋಡಿ. ಲಿಂಬೆರಸ, ನೀರು ಸೇರಿ 15 ಮಿ.ಲೀ. ಹಳದಿಯಲ್ಲೂ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ, ಅದೊಂದು 8 ಮಿ.ಲೀ. ಅಂದರೆ 23 ಮಿ.ಲೀ. ನೀರು 150 ಮಿ.ಲೀ. ಎಣ್ಣೆಯನ್ನು ಹಿಡಿದಿಟ್ಟುಕೊಳ್ಳಬೇಕು. ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಆ ಸ್ವಲ್ಪ ನೀರಿನೊಳಗೆ ಒತ್ತೊತ್ತಾಗಿ ಕೂರುತ್ತದೆ. ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನ್ ಪ್ರತಿ ಹನಿಯ ಸುತ್ತ ತೆಳು ಪೊರೆ ಕಟ್ಟಿ, ಒಂದು ಹನಿ ಇನ್ನೊಂದಕ್ಕೆ ಕೂಡಿಕೊಳ್ಳದಂತೆ ತಡೆಯುತ್ತವೆ. ಹನಿಗಳು ಅಲ್ಲಾಡಲು ಜಾಗ ಇಲ್ಲದಂತೆ ತುಂಬಿಕೊಂಡಾಗಲೇ ಅದು ಗಟ್ಟಿ ಆಗುವುದು. ಹಾಗಾಗಿ ಎಣ್ಣೆ ಹಾಕಿದಷ್ಟೂ ಗಟ್ಟಿ, ನೀರು ಹಾಕಿದರೆ ತೆಳು. ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಮಾಡುವಾಗ ನನ್ನ ಪೂರ್ತಿ ಗಮನ ಇರುವುದು ಮೊದಲ ಎರಡು ಚಮಚ ಎಣ್ಣೆಯ ಮೇಲೆ. ತತ್ತಿ ಫ್ರಿಜ್‌ನಲ್ಲಿದ್ದರೆ ಸ್ವಲ್ಪ ಹೊತ್ತು ಮೊದಲೇ ಹೊರಗೆ ತೆಗೆದಿಡುತ್ತೇನೆ. ತಣ್ಣಗಿರುವ ಹಳದಿ ಮಂದವಾಗಿರುತ್ತದೆ, ಎಣ್ಣೆಯ ಸುತ್ತ ಬೇಗ ಹರಡುವುದಿಲ್ಲ. ಹಳದಿ, ಉಪ್ಪು, ಲಿಂಬೆರಸ, ನೀರನ್ನು ಆಳವಾದ ಸ್ಟೀಲ್ ಬಟ್ಟಲಿಗೆ ಹಾಕಿ ಚೆನ್ನಾಗಿ ಕಡೆಯುತ್ತೇನೆ. ಬಟ್ಟಲ ಕೆಳಗೆ ಒದ್ದೆ ಬಟ್ಟೆ ಇಟ್ಟರೆ ಜಾರುವುದಿಲ್ಲ, ಒಂದು ಕೈ ಎಣ್ಣೆಗೆ ಸಿಗುತ್ತದೆ. ಎಣ್ಣೆ ಹನಿ ಹನಿಯಾಗಿ ಬೀಳಬೇಕು. ಬಿದ್ದ ಎಣ್ಣೆ ಬಟ್ಟಲ ಅಂಚಿನಲ್ಲಿ ಹೊಳೆಯುತ್ತಿದ್ದರೆ ಕೈ ತಡೆದು, ಅದು ಮಾಯವಾಗುವವರೆಗೆ ಬರೀ ಕಡೆಯಬೇಕು. ಸ್ವಲ್ಪ ಹೊತ್ತಿಗೆ ಕಡು ಹಳದಿ ಬಣ್ಣ ತಿಳಿಯಾಗುತ್ತದೆ, ವಿಸ್ಕ್ ಎಳೆದ ಗೆರೆ ಒಂದು ಕ್ಷಣ ಹಾಗೇ ನಿಲ್ಲುತ್ತದೆ. ಅಲ್ಲಿಗೆ ಬುನಾದಿ ಬಿದ್ದಂತೆ. ಆಮೇಲೆ ಎಣ್ಣೆಯನ್ನು ನೂಲಿನಂತೆ ಸಣ್ಣ ಧಾರೆಯಾಗಿ ಬಿಡಬಹುದು. ಯಾಕೆಂದರೆ ಆಗಲೇ ಗಟ್ಟಿಯಾದ ಮಿಶ್ರಣವೇ ಹೊಸ ಎಣ್ಣೆಯನ್ನು ಉಜ್ಜಿ ಉಜ್ಜಿ ಸಣ್ಣ ಹನಿ ಮಾಡುತ್ತದೆ.

ಮೇಯೊನೀಸ್ ಒಡೆಯುವುದು ಎರಡು ಕಡೆ. ಒಂದು, ಶುರುವಿನಲ್ಲೇ. ಎಣ್ಣೆ ಅವಸರದಲ್ಲಿ ಬಿದ್ದರೆ ಹನಿಯಾಗುವ ಮೊದಲೇ ಒಂದಕ್ಕೊಂದು ಸೇರಿ ಎಣ್ಣೆಯೇ ಮೇಲುಗೈ ಆಗುತ್ತದೆ. ಆಗ ಮಿಶ್ರಣ ಗಟ್ಟಿಯಾಗುವುದೇ ಇಲ್ಲ, ಎಷ್ಟು ಕಡೆದರೂ ಹಳದಿ ಚೂರುಗಳು ಎಣ್ಣೆಯಲ್ಲಿ ತೇಲುತ್ತಿರುತ್ತವೆ. ಇನ್ನೊಂದು, ಎಲ್ಲ ಚೆನ್ನಾಗಿ ಬಂದು ಕೊನೆಯಲ್ಲಿ. ಜಾಸ್ತಿ ಜನರಿಗೆ ಅರ್ಥವಾಗದೆ ಉಳಿಯುವುದು ಇದೇ.

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಮಿಕ್ಸಿ ಜಾರ್ ಸಮೇತ ಬಂದಳು. "ಅಕ್ಕಾ, ಮಸ್ತ್ ಗಟ್ಟಿ ಆಗಿತ್ರೀ. ಇನ್ನೊಂದ್ ಚೂರು ಎಣ್ಣಿ ಹಾಕಿದೆ ನೋಡ್ರಿ, ಒಮ್ಮಿಗೇ ನೀರಾತು" ಅಂದಳು.

"ನೀರಾಗಿಲ್ಲವ್ವಾ, ನೀರು ಸಾಲದ್ದಕ್ಕ ಹಿಂಗಾಗೇತಿ" ಅಂದೆ. ಅವಳು ನಂಬಲಿಲ್ಲ.

ಅವಳು ಒಂದು ಹಳದಿಗೆ ಅರ್ಧ ಚಮಚ ಲಿಂಬೆರಸ ಮಾತ್ರ ಹಾಕಿದ್ದಳು. ತೆಳು ಆಗಬಾರದು ಅಂತ ನೀರು ಬಿಟ್ಟಿದ್ದಳು. ಎಣ್ಣೆ ಮಾತ್ರ ಒಂದು ಲೋಟ ದಾಟಿತ್ತು. ಅಷ್ಟು ಎಣ್ಣೆ ಹನಿಗಳ ನಡುವೆ ಹರಡಿಕೊಳ್ಳಲು ನೀರು ಉಳಿದಿರಲಿಲ್ಲ. ಹನಿಗಳು ಒತ್ತಿ ಒತ್ತಿ, ಪೊರೆ ಹರಿದು, ಒಂದಾಗಿಬಿಟ್ಟಿದ್ದವು. ಸಣ್ಣ ಜಾರ್ ತಿರುಗಿ ತಿರುಗಿ ಬಿಸಿಯಾಗಿತ್ತು, ಅದೂ ಸೇರಿಕೊಂಡಿತು. ಒಡೆಯುವ ಮೊದಲು ಅದು ಸೂಚನೆ ಕೊಟ್ಟೇ ಕೊಡುತ್ತದೆ. ತಿಳಿ ಬಣ್ಣ ಮತ್ತೆ ಹಳದಿಗೆ ತಿರುಗುತ್ತದೆ, ಮೇಲೆ ಎಣ್ಣೆಯ ಮಿಂಚು ಬರುತ್ತದೆ, ವಿಸ್ಕ್ ಗೆರೆಯ ಪಕ್ಕ ಸಣ್ಣ ಎಣ್ಣೆ ಬಿಂದುಗಳು ಕೂರುತ್ತವೆ. ಹನಿ ಸಣ್ಣದಿದ್ದಾಗ ಬೆಳಕು ಚೆದುರಿ ಬೆಳ್ಳಗೆ ಕಾಣುತ್ತದೆ. ಹನಿಗಳು ಕೂಡಿ ದೊಡ್ಡವಾದರೆ ಆ ಬಿಳುಪು ಹೋಗುತ್ತದೆ. ಆ ಮಿಂಚು ಕಂಡ ಕೂಡಲೇ ಎಣ್ಣೆ ನಿಲ್ಲಿಸಿ ಒಂದು ಟೀ ಚಮಚ ನೀರು ಹಾಕಿ ಕಡೆದರೆ ಒಡೆಯುವುದೇ ತಪ್ಪುತ್ತದೆ.

ಅವಳದನ್ನು ಸರಿ ಮಾಡಲು ಹೊಸ ತತ್ತಿ ಬೇಕಾಗಲಿಲ್ಲ. ಬೇರೆ ಒಣ ಬಟ್ಟಲಿಗೆ ಮೂರು ಟೀ ಚಮಚ ನೀರು ಹಾಕಿದೆ. ಜಾರ್‌ನಲ್ಲಿದ್ದುದನ್ನು ಒಮ್ಮೆ ಕಲಕಿ, ಅದರಿಂದ ಅರ್ಧ ಚಮಚ ಆ ನೀರಿಗೆ ಬಿಟ್ಟು ಜೋರಾಗಿ ಕಡೆದೆ. ಮೊದಲು ಕೆನೆ ತೆಗೆದ ಹಾಲಿನ ಬಣ್ಣ ಬಂತು. ಮತ್ತೆ ಅರ್ಧ ಚಮಚ, ಮತ್ತೆ ಕಡೆಯುವುದು. ಹಿಡಿತ ಸಿಕ್ಕ ಮೇಲೆ ಚಮಚ ಚಮಚವಾಗಿ ಹಾಕುತ್ತಾ ಹೋದೆ. ಜಾರ್ ಖಾಲಿಯಾಗುವಷ್ಟರಲ್ಲಿ ವಿಸ್ಕ್ ಎತ್ತಿದರೆ ಮೊನೆ ನಿಲ್ಲುತ್ತಿತ್ತು. ಹಳದಿಯ ಅಂಶ ಅದರಲ್ಲೇ ಇತ್ತಲ್ಲ, ಅದಕ್ಕೆ ನೀರಷ್ಟೇ ಸಾಕಾಯಿತು. ಒಡೆದದ್ದನ್ನು ನೀರಿಗೆ ಹಾಕಬೇಕೇ ಹೊರತು, ಒಡೆದದ್ದಕ್ಕೆ ನೀರು ಸುರಿದು ಕಡೆದರೆ ಸಾಮಾನ್ಯವಾಗಿ ಕೂಡುವುದಿಲ್ಲ. ಅಲ್ಲಿ ಎಣ್ಣೆಯದೇ ರಾಜ್ಯ ಆಗಿರುತ್ತದೆ.

ಶುರುವಿನಲ್ಲೇ ಒಡೆದಿದ್ದರೆ ನಾನು ಹೊಸ ಹಳದಿಯನ್ನೇ ತೆಗೆದುಕೊಳ್ಳುತ್ತೇನೆ. ಅದಕ್ಕೆ ಒಂದು ಚಮಚ ನೀರು ಸೇರಿಸಿ, ಒಡೆದದ್ದನ್ನು ಎಣ್ಣೆ ಅಂತಲೇ ತಿಳಿದು ಹನಿ ಹನಿಯಾಗಿ ಹಾಕುತ್ತೇನೆ.

ನಮ್ಮ ಕಡೆ ಕೇಳುವ ಇನ್ನೊಂದು ಪ್ರಶ್ನೆ ಗಾಣದ ಶೇಂಗಾ ಎಣ್ಣೆಯದು. ಘಮಕ್ಕೆ ನನಗೂ ಇಷ್ಟ. ಆದರೆ ರಿಫೈನ್ ಮಾಡದ ಎಣ್ಣೆಯಲ್ಲಿ ಉಳಿದಿರುವ ಕೆಲವು ಅಂಶಗಳು ನಿಧಾನವಾಗಿ ಹನಿಯ ಪೊರೆಯಲ್ಲಿ ಹಳದಿಯ ಜಾಗ ಹಿಡಿಯುತ್ತವೆ. ಮಾಡಿದಾಗ ಚೆನ್ನಾಗಿ ಕಂಡದ್ದು ಆಮೇಲೆ ಎಣ್ಣೆ ಬಿಡಬಹುದು. ಫ್ರಿಜ್‌ನಲ್ಲಿ ಶೇಂಗಾ ಎಣ್ಣೆ ಹೆಪ್ಪುಗಟ್ಟಲು ಶುರುವಾಗಿ, ಅದರ ಹರಳುಗಳು ಪೊರೆ ಚುಚ್ಚುವುದೂ ಉಂಟು. ಅದಕ್ಕೇ ಬಹುಪಾಲು ಸನ್‌ಫ್ಲವರ್ ಹಾಕಿ, ರುಚಿಗೆ ಕೊನೆಯಲ್ಲಿ ಎರಡು ಚಮಚ ಗಾಣದ ಎಣ್ಣೆ ಸೇರಿಸುತ್ತೇನೆ. ಫ್ರೀಜರ್‌ನಲ್ಲಿ ಯಾವ ಮೇಯೊನೀಸನ್ನೂ ಇಡುವುದಿಲ್ಲ, ಕರಗಿದಾಗ ಒಡೆದೇ ಇರುತ್ತದೆ.

ಹಸಿ ತತ್ತಿಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಪಕ್ಕದ ತೆಲಂಗಾಣದಲ್ಲಿ 2024ರ ಅಕ್ಟೋಬರ್ 30ರಿಂದ ಒಂದು ವರ್ಷ ಹಸಿ ತತ್ತಿ ಮೇಯೊನೀಸನ್ನು ನಿಷೇಧಿಸಿದ್ದರು. 2025ರ ಏಪ್ರಿಲ್‌ನಲ್ಲಿ ತಮಿಳುನಾಡೂ ನಿಷೇಧಿಸಿತು. ಹಸಿ ತತ್ತಿಯಲ್ಲಿ ಇರಬಹುದಾದ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಲಿಂಬೆರಸ ಹಾಕಿದ ಮಾತ್ರಕ್ಕೆ ಸಾಯುತ್ತದೆ ಅಂತ ನಂಬಿ ಕೂರಬೇಡಿ. ಬಿರುಕಿಲ್ಲದ, ಚೊಕ್ಕ, ತಾಜಾ ತತ್ತಿ ತಗೊಳ್ಳಿ. ಮಾಡಿದ ತಕ್ಷಣ ಫ್ರಿಜ್‌ಗೆ ಇಡಿ, ಅವತ್ತೇ ಮುಗಿಸಿ. ಮಾರಾಟಕ್ಕೆ ನಾನು ಇದನ್ನು ಮಾಡುವುದಿಲ್ಲ. ಮನೆಯಲ್ಲಿ ಕೂಡ ಸಣ್ಣ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ, ಕಾಯಿಲೆ ಇರುವವರಿಗೆ ಬಡಿಸುವುದಿಲ್ಲ.